ಹಲಗೆಯ ಮೂರನೇ ಸಾಲು ಮತ್ತು ನನ್ನ ಇಂಗ್ಲಿಷು

ಬೇರೆಯವರು ಹೇಳಿ ನನ್ನ ಹೆಸರು ಕೆಡಿಸುವುದಕ್ಕಿಂತ ನಾನೇ ಕೆಡಿಸಿಕೊಳ್ಳುವುದು ಛಲೋ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಸಮುದ್ರ ದಾಟಿ ಬಂದಿದ್ದ ಒಬ್ಬ ಹೆಣ್ಣುಮಗಳನ್ನು ಮೂರು ದಿನ ಬಸದಿಯ ಹೊರಗೆ ಬೇವಿನ ಗಿಡದ ಬುಡಕ್ಕೆ ಕೂರಿಸಿದವನು ನಾನು. ಬೈದು ಕೂರಿಸಲಿಲ್ಲ, ಬೆದರಿಸಿ ಕೂರಿಸಲಿಲ್ಲ. ಇಂಗ್ಲಿಷಿನಿಂದ ಕೂರಿಸಿದೆ.

ನನ್ನ ಇಂಗ್ಲಿಷಿನ ಬಗ್ಗೆ ಎರಡು ಮಾತು ಹೇಳಬೇಕು. ಆಗ ಚಿಕ್ಕೋಡಿಯಲ್ಲಿ ಟಿ.ವಿ. ಇದ್ದ ಮನೆಗಳು ಕಡಿಮೆ, ಅಲ್ಲಿ ರಾತ್ರಿ ಇಂಗ್ಲಿಷ್ ಬಾತ್ಮಿ ಬರುತ್ತಿತ್ತು. ಅದನ್ನು ಓದುವಾಕೆ ಹೆಂಗೆ ತುಟಿ ಒತ್ತುತ್ತಿದ್ದಳು, ಹೆಂಗೆ ಕಡೆಯ ಶಬ್ದವನ್ನು ಕೆಳಗೆ ಇಳಿಸುತ್ತಿದ್ದಳು ಎಂಬುದನ್ನು ನಾನು ಹೂಬೇಹೂಬ್ ಮಾಡಿ ತೋರಿಸುತ್ತಿದ್ದೆ. ರೇಡಿಯೋದ ಕ್ರಿಕೆಟ್ ಹೇಳುವವರು, ನಮ್ಮ ಕಾಲೇಜಿನ ಇಂಗ್ಲಿಷ್ ಮಾಸ್ತರು, ನಿಪ್ಪಾಣಿಗೆ ತಂಬಾಕು ನೋಡಲು ಬರುತ್ತಿದ್ದ ಮದರಾಸಿನ ವ್ಯಾಪಾರಿ, ಎಲ್ಲರೂ ನನ್ನ ಗಂಟಲಲ್ಲಿ ಇದ್ದರು. ಇದನ್ನು ಕೇಳಿದ ನಮ್ಮ ಮಂದಿ, "ಏನ್ ಇಂಗ್ಲೀಷ ಹೊಡಿತಾನೋ ಮಾರಾಯಾ!" ಎಂದು ಬಾಯಿ ಬಿಡುತ್ತಿದ್ದರು. ಅದೇ ಹೊತ್ತಿಗೆ ನಾನು ಬಿ.ಎ.ದಲ್ಲಿ ಒಂದೇ ಒಂದು ಪೇಪರ್ ಉಳಿಸಿಕೊಂಡಿದ್ದೆ. ಯಾವುದು ಎಂದು ಯಾರೂ ಕೇಳಲಿಲ್ಲ. ಇಂಗ್ಲಿಷು. ನನ್ನ ಇಂಗ್ಲಿಷಿಗೆ ದನಿ ಇತ್ತು, ಅರ್ಥ ಇರಲಿಲ್ಲ. ನಮ್ಮೂರಿಗೆ ದನಿಯೇ ಸಾಕಾಗಿತ್ತು. ಊರು ಅಂಥಾದ್ದು, ನಾನು ಅದಕ್ಕೆ ತಕ್ಕವನು.

ಪೇಪರ್ ಕಟ್ಟಿ ಕಾಯುವ ಕಾಲದಲ್ಲಿ ನಾನು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಫೋಟೋ ಸ್ಟುಡಿಯೋದಲ್ಲಿ ಕೂರುತ್ತಿದ್ದೆ. ಕೆಲಸ ಎನ್ನಲಾಗದು. ಸ್ಟುಡಿಯೋದ ಕಾಕಾ ಕತ್ತಲಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಫೋಟೋ ತೊಳೆಯುವಾಗ ಹೊರಗೆ ಗಿರಾಕಿ ಬಂದರೆ "ಕುಂದರ್ರಿ" ಅನ್ನುವುದು, ಪಾಸ್‌ಪೋರ್ಟ್ ಸೈಜಿಗೆ ಬಂದವರ ಕಾಲರ್ ಸರಿಪಡಿಸುವುದು, ಅವರು ಹೋದಮೇಲೆ ಅವರು ಕ್ಯಾಮೆರಾ ಮುಂದೆ ಹೆಂಗೆ ಉಸಿರು ಹಿಡಿದಿದ್ದರು ಎಂದು ಮಾಡಿ ತೋರಿಸಿ ಕಾಕಾನನ್ನು ನಗಿಸುವುದು. ಸಂಬಳ ಎಂದರೆ ಚಹಾ.

ಅಲ್ಲಿಗೆ ಒಂದು ದಿನ ಆ ಬಾಯಿ (ಮರ್ಯಾದೆಯ ಹೆಂಗಸರಿಗೆ ನಮ್ಮ ಕಡೆ ಹಾಗನ್ನುತ್ತಾರೆ) ಬಂದಳು. ಯುರೋಪಿನ ಯಾವುದೋ ತಣ್ಣಗಿನ ದೇಶದಾಕೆ, ನಲವತ್ತರ ಆಚೀಚೆ, ಖಾದಿ ಜುಬ್ಬಾ, ಹೆಗಲಿಗೆ ಚರ್ಮದ ಕೇಸಿನಲ್ಲಿ ಕ್ಯಾಮೆರಾ, ಕಂಕುಳಲ್ಲಿ ಚಿತ್ರ ಬರೆಯುವ ಹಲಗೆ. ನಮ್ಮ ಕಡೆಯ ಹಳೆಯ ಬಸದಿಗಳ ಕೆತ್ತನೆ ನೋಡಿ ಬರೆದುಕೊಂಡು ಹೋಗಲು ಬಂದಿದ್ದಳು. ನಮ್ಮ ಸರಕಾರಿ ಬಂಗಲೆಯಲ್ಲಿ ಇಳಿದಿದ್ದಳು. ರಾಯಬಾಗದ ಕಡೆಯ ಒಂದು ಹಳ್ಳಿಯಲ್ಲಿ ಒಂದು ಬಸದಿ. ಅದರ ಒಳಗೆ, ನಡುವಿನ ಅಂಕಣದ ಮೇಲ್ಛಾವಣಿಯಲ್ಲಿ ಕಲ್ಲಿನ ಕಮಲ. ಅದನ್ನು ಬರೆದುಕೊಳ್ಳಲಿಕ್ಕೆಂದೇ ಆಕೆ ಇಷ್ಟು ದೂರ ಬಂದದ್ದು. ಬರುವ ತಿಂಗಳು ಬಸದಿಯ ಕಮಿಟಿ ಆ ಕಮಲಕ್ಕೆ ಗುಲಾಬಿ, ಎಲೆಗಳಿಗೆ ಹಸಿರು ಆಯಿಲ್ ಪೇಂಟ್ ಹೊಡೆಸುವುದು ಎಂದು ಠರಾವು ಮಾಡಿತ್ತು. ಎಂಟುನೂರು ವರ್ಷ ಸುಮ್ಮನಿದ್ದ ಕಲ್ಲಿಗೆ ಲಿಪ್‌ಸ್ಟಿಕ್ ಹಚ್ಚುವ ಬುದ್ಧಿ ನಮ್ಮ ಕಮಿಟಿಗಳಿಗೆ ಮಾತ್ರ ಬರುತ್ತದೆ. ಹಾಗಾಗಿ ಆಕೆ ಈಗ ಬರೆದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ದಿನ ಬಿಟ್ಟು ಕೈಯಲ್ಲಿ ಇದ್ದದ್ದು ನಾಲ್ಕು ದಿನ. ನಾಲ್ಕನೆಯ ದಿನ ಸಂಜೆ ರಾಯಬಾಗ ಸ್ಟೇಷನ್ನಿನಿಂದ ಆಕೆಯ ಗಾಡಿ.

ಕಮಿಟಿಯ ಅಧ್ಯಕ್ಷರು "ಕಮ್, ಕಮ್, ಸೀ, ಸೀ" ಎಂದು ಹೇಳಿ ಕೊಲ್ಲಾಪುರಕ್ಕೆ ಹೋಗಿದ್ದರು. ಅಷ್ಟಕ್ಕೆ ಬೇರೆ ಯಾರಾದರೂ ಒಳಗೆ ನುಗ್ಗಿಬಿಡುತ್ತಿದ್ದರು. ಈಕೆ ನುಗ್ಗುವ ಜಾತಿಯಾಕೆ ಅಲ್ಲ. ಹಿಂದಿನ ದಿನ ಹೋಗಿ ಬಾಗಿಲಲ್ಲಿ ನಿಂತಾಗ ಹೊರಗೋಡೆಯ ಮೇಲೆ ಕನ್ನಡದ ಹಲಗೆ ಕಂಡಿತ್ತು. ಅಲ್ಲಿ ನಿಯಮ ಬರೆದಿದ್ದಾರೆ, ಅದನ್ನು ತಿಳಿಯದೆ ಕಾಲಿಡಬಾರದು ಎಂದು ಹಲಗೆಯದೇ ಫೋಟೋ ಹೊಡೆದುಕೊಂಡು ವಾಪಸ್ ಬಂದಿದ್ದಳು. ಐವತ್ತು ವರ್ಷದಿಂದ ಆ ಹಲಗೆಯ ಕೆಳಗೆ ಹಾದುಹೋದ ಒಬ್ಬ ನರಮನುಷ್ಯನೂ ಅದನ್ನು ಓದಿರಲಿಲ್ಲ. ಓದಲಿಕ್ಕೆ ಬಾರದಾಕೆ ಒಬ್ಬಳೇ ಅದಕ್ಕೆ ಮರ್ಯಾದೆ ಕೊಟ್ಟದ್ದು.

ಕಾಕಾ ರೋಲು ತೊಳೆದು, ಆ ಒಂದು ಫೋಟೋವನ್ನು ದೊಡ್ಡದು ಮಾಡಿ, ಇನ್ನೂ ಹಸಿ ಇದ್ದಾಗಲೇ ನನ್ನ ಕೈಗೆ ಕೊಟ್ಟ. "ತಗೋ, ನಿನ್ನ ಇಂಗ್ಲೀಷಿಗಿ ಕೆಲಸ ಬಂತ ನೋಡು. ಓದಿ ಹೇಳು ಬಾಯಾರಿಗಿ" ಎಂದು ಮತ್ತೆ ಕತ್ತಲಕೋಣೆ ಸೇರಿದ.

ಫೋಟೋ ಮಬ್ಬಾಗಿತ್ತು ಎಂದು ಸುಳ್ಳು ಹೇಳಬಹುದಿತ್ತು. ಇರಲಿಲ್ಲ. ಒಂದೊಂದು ಅಕ್ಷರ ಹಲ್ಲಿನ ಹಾಗೆ ಕಾಣುತ್ತಿತ್ತು. ಮೇಲೆ ದೊಡ್ಡದಾಗಿ ‘ಸೂಚನೆ’. ಕೆಳಗೆ ಐದು ಸಾಲು:

ಕಾಲು ತೊಳೆದುಕೊಂಡು ಒಳಗೆ ಬರಬೇಕು.
ಚರ್ಮದ ವಸ್ತುಗಳನ್ನು ತರಬಾರದು.
ಹೊರಗಾದವರು ಒಳಗೆ ಬರಬಾರದು.
ಮಡಿ ಇಲ್ಲದವರು ಗರ್ಭಗುಡಿಯ ಹೊಸ್ತಿಲು ದಾಟಬಾರದು.
ಹರಟೆ ಹೊಡೆಯಬಾರದು.

ಅದರ ಕೆಳಗೆ, ಪೇಂಟರನಿಗೆ ಜಾಗ ಮುಗಿದು ಒಂದರ ಮೇಲೆ ಒಂದು ಹತ್ತಿಸಿದ ಅಕ್ಷರಗಳಲ್ಲಿ: ಅಪ್ಪಣೆ ಮೇರೆಗೆ, ಪಂಚ ಕಮಿಟಿ.

ನಾನು ಟಿ.ವಿ.ಯ ಬಾತ್ಮಿಯವಳ ಹಾಗೆ ತುಟಿ ಒತ್ತಿಕೊಂಡು ಸುರು ಮಾಡಿದೆ. ಮೊದಲನೆಯದು ಸಲೀಸು: ಕಾಲು ತೊಳೆಯಿರಿ, ಬರ್ರಿ. ಬಾಗಿಲ ಎಡಕ್ಕೆ ನಳ ಇರುತ್ತದೆ, ಬೂಟು ಅಲ್ಲಿಗೂ ಮುಂಚೆ ಬಿಡಬೇಕು, ತೊಳೆದ ಕಾಲಿನಿಂದ ಮತ್ತೆ ಬೂಟು ಮೆಟ್ಟಿದರೆ ತೊಳೆದದ್ದು ದಂಡ ಎಂದು ವಿವರಿಸಿದೆ. ಎರಡನೆಯದು ಇನ್ನೂ ಜೋರಾಗಿ ಹೇಳಿದೆ: ಚರ್ಮ ಎಂದರೆ ಚಪ್ಪಲಿ ಒಂದೇ ಅಲ್ಲ ಮೇಡಮ್, ಬೆಲ್ಟು ಬರೋದಿಲ್ಲ, ಪರ್ಸು ಬರೋದಿಲ್ಲ, ನಿಮ್ಮ ವಾಚಿನ ಪಟ್ಟಿ ಬರೋದಿಲ್ಲ. ಕ್ಯಾಮೆರಾ ಬರುತ್ತದೆ, ಅದರ ಅಂಗಿ ಬರೋದಿಲ್ಲ. ಆಕೆ ಅಷ್ಟನ್ನೂ ಬರೆದುಕೊಂಡಳು. ಹಲಗೆಯಲ್ಲಿ ಇಲ್ಲದ್ದನ್ನೂ ಈ ಹುಡುಗ ಹೇಳುತ್ತಾನೆ ಎಂದು ನನ್ನನ್ನು ಆಕೆ ನೋಡಿದ ನೋಟಕ್ಕೆ ನಾನು ಒಂದು ಗೇಣು ಉಬ್ಬಿದೆ.

ಮೂರನೆಯ ಸಾಲಿಗೆ ಬಂದೆ. ಹೊರಗಾದವರು.

ಇಲ್ಲಿ ನಮ್ಮ ಮನೆಯ ಕಾಗೆಯ ವಿಷಯ ಹೇಳಲೇಬೇಕು. ನಮ್ಮದು ಅರ್ಧ ಕನ್ನಡ, ಅರ್ಧ ಮರಾಠಿ ಮನೆ. ಜಗಳ ಕನ್ನಡದಲ್ಲಿ, ಗುಟ್ಟು ಮರಾಠಿಯಲ್ಲಿ. ತಿಂಗಳಿಗೊಮ್ಮೆ ಅವ್ವ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಬೇರೆ ಕೂತಾಗ, "ಯಾಕ?" ಎಂದು ಕೇಳಿದರೆ ಸಿಗುತ್ತಿದ್ದ ಉತ್ತರ ಒಂದೇ: "ಕಾಗಿ ಮುಟ್ಟೈತಿ." ಮರಾಠಿಯಲ್ಲಿ ಹಾಗೇ ಅನ್ನುತ್ತಾರೆ, ನಮ್ಮವರು ಅದನ್ನೇ ಕನ್ನಡ ಮಾಡಿಕೊಂಡಿದ್ದರು. ಚಿಕ್ಕವನಿದ್ದಾಗ ನಾನು ಕಾಗೆಗಳಿಗೆ ಕಲ್ಲು ಹೊಡೆಯುತ್ತಿದ್ದೆ, ನಮ್ಮ ಅವ್ವನನ್ನು ಮುಟ್ಟುವ ಸೊಕ್ಕು ನಿಮಗೇನು ಎಂದು. ಆಮೇಲೆ ದೊಡ್ಡವನಾದೆ, ವಿಷಯ ತಿಳಿಯಿತು, ಶಬ್ದ ಮಾತ್ರ ಕಾಗೆಯೇ ಉಳಿಯಿತು. ಅಂದರೆ ಸಂಗತಿ ಗೊತ್ತಿತ್ತು; ಅದಕ್ಕೆ ಪುಸ್ತಕದ ಕನ್ನಡದಲ್ಲಿ ‘ಹೊರಗಾಗುವುದು’ ಎಂಬ ಹೆಸರಿದೆ ಎಂಬುದು ಗೊತ್ತಿರಲಿಲ್ಲ. ಹಲಗೆಯ ಮೇಲೆ ಕಾಗೆ ಎಂದು ಬರೆದಿದ್ದರೆ ನಾನು ತಪ್ಪುತ್ತಿರಲಿಲ್ಲ.

ಆದರೂ ‘ಹೊರಗಿನವರು’ ಎಂದು ಬರೆಯದೆ ‘ಹೊರಗಾದವರು’ ಎಂದು ಯಾಕೆ ಬರೆದಾರು ಎಂದು ಒಂದು ಗಳಿಗೆ ಅನುಮಾನ ಬಂತು. ಕತ್ತಲಕೋಣೆಯ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದೆ: "ಕಾಕಾ, ಹೊರಗಾದವರು ಅಂದ್ರ ಯಾರ್ರೀ?"

ಒಳಗಿನಿಂದ ಕಾಕಾ: "ಹೊರಗ ಯಾರ ಅದಾರೋ? ಯಾರ ಇದ್ರೂ ಕುಂದರಸ ಅವರ್ನ, ಕೈ ಹಸಿ ಐತಿ ನಂದು!"

ಕೇಳಿದ್ದು ಸಾಕಾಯಿತು. ಪೇಂಟರ ಒಂದಕ್ಷರ ಹೆಚ್ಚುಕಮ್ಮಿ ಮಾಡಿದ್ದಾನೆ, ಆ ಹೆಬ್ಬೆಟ್ಟಿಗೆ ಕನ್ನಡ ಎಲ್ಲಿಂದ ಬರಬೇಕು ಎಂದು ಪೇಂಟರನನ್ನು ಮನಸ್ಸಿನಲ್ಲೇ ನಾಲ್ಕು ಬೈದು, ಗಂಭೀರವಾಗಿ ಹೇಳಿದೆ: "ಔಟ್‌ಸೈಡರ್ಸ್ ಆರ್ ನಾಟ್ ಅಲೌಡ್."

ಆಕೆಯ ಪೆನ್ಸಿಲ್ ನಿಂತಿತು. "ಔಟ್‌ಸೈಡರ್ಸ್?" ಎಂದು ತನ್ನ ಎದೆಗೆ ಬೆರಳು ತೋರಿಸಿಕೊಂಡಳು.

"ಯೆಸ್ ಮೇಡಮ್. ವೆರಿ ಸಾರಿ." ಆ ‘ವೆರಿ ಸಾರಿ’ಯನ್ನು ನಾನು ಎಷ್ಟು ಛಂದ ಹೇಳಿದ್ದೆನೆಂದರೆ, ವಿಮಾನ ಬಿದ್ದ ಬಾತ್ಮಿ ಓದಿದ ಹಾಗಿತ್ತು.

ನಾಲ್ಕನೆಯ ಸಾಲಿನ ಗತಿಯನ್ನೂ ಕೇಳಿರಿ. ‘ಮಡಿ’ಗೆ ಇಂಗ್ಲಿಷ್ ಹೊಳೆಯದೆ ಕಾಕಾನ ಮಗಳ ಡಿಕ್ಷನರಿ ತೆಗೆದೆ. ಮೊದಲ ಅರ್ಥ ಬಟ್ಟೆ ಮಡಚುವುದು, ಎರಡನೆಯದು ಸಾಯುವುದು, ಮೂರನೆಯದು ತೋಟದ ಪಾತಿ. ಸಾಯದೇ ಇದ್ದವರು ಗರ್ಭಗುಡಿ ದಾಟಬಾರದು ಎಂದು ಬರೆಯಲೋ, ಮಡಚಿಕೊಳ್ಳದವರು ಎಂದು ಬರೆಯಲೋ ಎಂದು ಯೋಚಿಸಿ, ಕಡೆಗೆ "ಅದು ಪೂಜೆ ಮಾಡುವವರಿಗೆ, ನಿಮಗಲ್ಲ, ನೀವು ಆ ಹೊಸ್ತಿಲ ಈಚೆ ನಿಲ್ಲಬೇಕು" ಎಂದು ಸರಿಯಾಗಿಯೇ ಹೇಳಿದೆ. ಕೆಳಗಿನ ‘ಅಪ್ಪಣೆ ಮೇರೆಗೆ, ಪಂಚ ಕಮಿಟಿ’ ಎಂಬುದನ್ನು ‘ಬೈ ರಾಯಲ್ ಕಮಾಂಡ್, ಫೈವ್ ಕಮಿಟೀಸ್’ ಮಾಡಿದೆ. ಐದು ಕಮಿಟಿಗಳು ಸೇರಿ ರಾಜಾಜ್ಞೆ ಹೊರಡಿಸಿವೆ ಎಂದಮೇಲೆ ಪಾಪ, ಆಕೆ ಏನು ಮಾಡಿಯಾಳು? ಫೋಟೋ ಹಾಕುವ ಕವರಿನ ಹಿಂದೆ ನನ್ನ ಇಂಗ್ಲಿಷ್ ಅಷ್ಟನ್ನೂ ಬರೆಸಿಕೊಂಡು, ಎರಡೂ ಕೈ ಜೋಡಿಸಿ, ನೀವು ಇಲ್ಲದಿದ್ದರೆ ನಾನು ತಿಳಿಯದೆ ತಪ್ಪು ಮಾಡಿಬಿಡುತ್ತಿದ್ದೆ ಎಂದು ಹೇಳಿ ಹೋದಳು. ನಾನು ಅವಳು ಕೈ ಜೋಡಿಸಿದ್ದನ್ನು ಆ ಸಂಜೆಯೇ ಚಹಾದ ಅಂಗಡಿಯಲ್ಲಿ ಮಾಡಿ ತೋರಿಸಿದೆ. ಮಂದಿ ಬಿದ್ದು ಬಿದ್ದು ನಕ್ಕರು.

ಮರುದಿನದಿಂದ ಆಕೆ ಹಳ್ಳಿಗೆ ಬಸ್ಸಿನಲ್ಲಿ ಹೋಗಿ, ಬಸದಿಯ ಎದುರು ಬೀದಿಯ ಆಚೆ ಬೇವಿನ ಗಿಡದ ಬುಡದ ಕಲ್ಲಿನ ಮೇಲೆ ಕೂತು ಹೊರಗೋಡೆಯ ಕೆತ್ತನೆ ಬರೆಯತೊಡಗಿದಳು. ಅಧ್ಯಕ್ಷರು ಬಂದರೆ ಹೊರಗಿನವಳನ್ನೂ ಒಂದು ಸಲ ಒಳಗೆ ಬಿಡುತ್ತಾರೇನೋ ಎಂಬ ಆಸೆ. ಅವರು ಬರಲಿಲ್ಲ.

ಮೂರನೆಯ ದಿನ ಸಂಜೆ ಸ್ಟುಡಿಯೋಕ್ಕೆ ಬಂದಳು. ಮುಖ ಬಿಸಿಲಿಗೆ ಕೆಂಪಾಗಿತ್ತು. ಇನ್ನೊಂದು ರೋಲು ತೊಳೆಯಲು ಕೊಟ್ಟು, ಹಳ್ಳಿಯವರು ತನ್ನನ್ನು ನಡೆಸಿಕೊಂಡ ರೀತಿಯನ್ನು ಹೇಳಿದಳು. ದೂರು ಹೇಳಲಿಲ್ಲ, ಅದೇ ನನಗೆ ಸಿಟ್ಟು ಬರಿಸಿದ್ದು. ಮೊದಲ ದಿನವೇ ಬಸದಿಯ ಪೂಜೆ ಮಾಡುವ ಉಪಾಧ್ಯೆಗೆ ಹಲಗೆಯ ಮೂರನೇ ಸಾಲಿನ ಮೇಲೆ ಬೆರಳಿಟ್ಟು, ಆಮೇಲೆ ತನ್ನ ಎದೆಯ ಮೇಲೆ ಬೆರಳಿಟ್ಟು, ‘ಇದು ನಾನೇ ತಾನೆ?’ ಎಂಬಂತೆ ಕೇಳಿದಳಂತೆ. ಅವರು ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದು, ಹೌದು ಹೌದು ಎಂದು ತಲೆ ಅಲ್ಲಾಡಿಸಿದರಂತೆ. ಆಮೇಲೆ ಹೆಂಗಸರು ಬಂದು ನೀರು ಕೊಟ್ಟರು, ತಂಬಿಗೆ ಕೈಗೆ ಕೊಡಲಿಲ್ಲ, ಮೇಲಿನಿಂದ ಬೊಗಸೆಗೆ ಸುರಿದರು. ಮಧ್ಯಾಹ್ನ ಜೋಳದ ರೊಟ್ಟಿ, ಪಲ್ಯ ತಂದು ದೂರದಲ್ಲಿ ಎಲೆಯ ಮೇಲೆ ಇಟ್ಟು ಸರಿದು ನಿಂತರು. ಹಳೆಯ ಚಾಪೆಯೊಂದನ್ನು ಕೋಲಿನಿಂದ ತನ್ನ ಕಡೆಗೆ ನೂಕಿದರು. "ಬಹಳ ಪ್ರೀತಿಯಿಂದ, ಆದರೆ ದೂರದಿಂದ" ಎಂದಳು. ಇಂಥ ಹಳೆಯ ಪದ್ಧತಿಯನ್ನು ತಾನು ಗೌರವಿಸುತ್ತೇನೆ ಎಂದಳು.

ಗೌರವವಂತೆ! ನನ್ನ ಮೈ ಉರಿಯಿತು. ಪರದೇಶದವಳನ್ನು ಬೀದಿಯಲ್ಲಿ ಕೂರಿಸಿ ಬೊಗಸೆಗೆ ನೀರು ಸುರಿಯುತ್ತಾರೆ, ಇವರೂ ಮನುಷ್ಯರೇ? ಫ್ಯಾಕ್ಟರಿಯಿಂದ ಕಬ್ಬಿನ ದುಡ್ಡು ಬಂದರೆ ಕೊಲ್ಲಾಪುರದ ಹೋಟೆಲಿನಲ್ಲಿ ಯಾವ ಜಾತಿಯವನು ಬಡಿಸಿದರೂ ತಿನ್ನುವ ಮಂದಿ, ಊರಿಗೆ ಬಂದೊಡನೆ ಋಷಿಗಳಾಗುತ್ತಾರೆ. ನಾಳೆ ನಾನೇ ಬರುತ್ತೇನೆ ಮೇಡಮ್, ಐದು ಕಮಿಟಿಗಳಿಗೂ ಉತ್ತರ ಹೇಳುತ್ತೇನೆ ಎಂದೆ. ರಾತ್ರಿ ಕನ್ನಡಿಯ ಮುಂದೆ ಭಾಷಣ ಕಲಿತೆ. ಒಬ್ಬ ಮಂತ್ರಿಯ ಕೈ ಬೀಸಾಟ, ನಮ್ಮ ಮಾಸ್ತರರ ಗಂಟಲು, ಎರಡನ್ನೂ ಹದವಾಗಿ ಕಲೆಸಿದೆ.

ನಾಲ್ಕನೆಯ ದಿನ ಇಬ್ಬರೂ ಹಳ್ಳಿಗೆ ಇಳಿದಾಗ ಹೊತ್ತು ಏರಿತ್ತು. ಸಂಜೆಗೆ ಗಾಡಿ. ಆಕೆ ತನ್ನ ಕಲ್ಲಿನ ಮೇಲೆ ಕೂತಳು. ಬಸದಿಯ ಬಾಗಿಲಲ್ಲಿ ಉಪಾಧ್ಯೆ ಅಕ್ಕಿ ಆರಿಸುತ್ತಿದ್ದರು. ಹೊಸ್ತಿಲ ಮೇಲೆ ಅವರ ತಾಯಿ, ಊರೆಲ್ಲ ‘ಆಯಿ’ ಎಂದು ಕರೆಯುತ್ತಿದ್ದ ಮುದುಕಿ, ಕಾಲು ಚಾಚಿ ಕೂತಿದ್ದಳು. ಸುತ್ತ ನಾಲ್ಕೈದು ಹೆಂಗಸರು.

ನಾನು ಬೀದಿಯ ನಡುವೆ ನಿಂತು ಕೈ ಬೀಸಿದೆ. "ಏನ್ರೀ ಇದು ಅನ್ಯಾಯ? ಹೊರಗಿನವರು ಅಂದ್ರ ಮನುಷ್ಯಾರಲ್ಲೇನ್ರಿ? ಸಾವಿರಾರು ಮೈಲಿ ದಾಟಿ ಬಂದಾರ. ಹೊರದೇಶದಾಗ ಹುಟ್ಟಿದ್ದ ಅವರ ತಪ್ಪೇನ್ರಿ?"

ಉಪಾಧ್ಯೆ ಅಕ್ಕಿಯಿಂದ ತಲೆ ಎತ್ತಿದರು. "ಯಾರು ಏನಂದ್ರು ತಮ್ಮಾ?"

"ಒಳಗ ಬಿಡವಲ್ರಲ್ಲ ಅವರ್ನ!"

"ನಾವ್ ಯಾಕ ಬಿಡೂದಿಲ್ಲ? ಹೋದ ತಿಂಗಳ ಗುಜರಾತದಿಂದ ಒಂದ ಬಸ್ ಮಂದಿ ಬಂದಿತ್ತು. ಜಪಾನದಾಂವ ಒಬ್ಬ ಬಂದಿದ್ದ, ನಿಂತ್ಕೊಂಡ ಕಾಲ ತೊಳಕೊಳ್ಳಾಕ ಬರದ ಬಿದ್ದ. ಎಲ್ಲಾರೂ ಒಳಗ ಹೋಗ್ಯಾರ."

"ಹಂಗಾರ ಇವರ್ನ್ಯಾಕ ಬಿಟ್ಟಿಲ್ಲ?"

ಉಪಾಧ್ಯೆ ಮುಖ ಆಕಡೆ ತಿರುಗಿಸಿ ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆಯಿ ಮಾತ್ರ ನಾಚಲಿಲ್ಲ. ಆ ವಯಸ್ಸಿಗೆ ಬಂದವರು ನಾಚುವುದಿಲ್ಲ, ಬೇರೆಯವರನ್ನು ನಾಚಿಸುತ್ತಾರೆ.

"ಯಾರ ಮಗನೋ ನೀ? ಆಕಿ ಹೊರಗಾಗ್ಯಾಳ. ತಾನ ತಾನ ಹಲಗಿ ತೋರಿಸಿ ಹೇಳಿದ್ಲು ನಮ್ಮ ಮಗಗ. ಅಷ್ಟ ಶಿಸ್ತಿನ ಹೆಣ್ಮಗಳು! ಯಾವ ದೇಶದಾಕಿ ಇರ್ಲಿ, ಗಿಡದ ಬುಡ ಬಿಟ್ಟ ಅಲ್ಲಾಡಿಲ್ಲ. ನಮ್ಮ ಸೊಸಿಗಿ ದಿನಾ ಹೇಳಾಕತ್ತೀನಿ, ನೋಡ, ಆಕೀನ್ನ ನೋಡಿ ಕಲಿ ಅಂತ. ಇವತ್ತ ನಾಕನೇ ದಿನ, ತಲಿಮ್ಯಾಲ ನೀರ ಹಾಕ್ಕೊಳ್ಳಿ. ನಾಳಿ ಐದನೇ ದಿನ, ನಾನ ಕೈ ಹಿಡಿದ ಒಳಗ ಕರಕೊಂಡ ಹೋಗ್ತೀನಿ."

ಒಬ್ಬಾಕೆ ಸೊಸೆ ಹಿಂದಿನಿಂದ, "ಆಯಿ, ಈಗ ಬಿಸಿನೀರ ಇಡಲೇನ್ರಿ?" ಎಂದಳು.

ಹೊರಗಾಗ್ಯಾಳ. ಮೂಲೆಯ ಚಾಪೆ. ಮೇಲಿನಿಂದ ಸುರಿದ ನೀರು. ದೂರದ ರೊಟ್ಟಿ. ನಮ್ಮ ಪಡಸಾಲೆ ಕಣ್ಣ ಮುಂದೆ ಬಂತು. ಅವ್ವನಿಗೂ ನಾನು ಹೀಗೇ ತಂಬಿಗೆ ಎತ್ತಿ ನೀರು ಸುರಿಯುತ್ತಿದ್ದೆ. ನನ್ನ ಕೈ ಬೀಸಿದಲ್ಲೇ ನಿಂತಿತು. ಬಾಯಿಂದ ಬಂದದ್ದು ಒಂದೇ ಮಾತು: "ಕಾಗಿ?"

"ಹೂಂ, ಕಾಗಿ. ನಿಮ್ಮ ಚಿಕ್ಕೋಡಿ ಕಡಿ ಕಾಗಿ ಅಂತಾರ, ನಾವ್ ಹೊರಗ ಅಂತೀವಿ. ಮುಟ್ಟೂದು ಅದ ಮುಟ್ಟತೈತಿ."

ಅರ್ಥವಾಯಿತು. ಆಕೆ ಕೇಳಿದ್ದು ‘ನಾನು ಹೊರಗಿನವಳಲ್ಲವೇ?’ ಎಂದು, ಉಪಾಧ್ಯೆ ಕೇಳಿಸಿಕೊಂಡದ್ದು ‘ನಾನು ಹೊರಗಾಗಿದ್ದೇನೆ’ ಎಂದು. ಆಕೆ ಊರನ್ನು ಗೌರವಿಸಿ ಹೊರಗೆ ಕೂತಳು, ಊರು ಆಕೆಯನ್ನು ಗೌರವಿಸಿ ಹೊರಗೆ ಕೂರಿಸಿತು. ಎರಡೂ ಕಡೆಯವರು ಇಷ್ಟು ಒಳ್ಳೆಯವರಾಗಿರದಿದ್ದರೆ ಮೊದಲ ದಿನವೇ ಜಗಳವಾಗಿ ಕೆಲಸ ಮುಗಿಯುತ್ತಿತ್ತು. ಒಳ್ಳೆಯತನದಷ್ಟು ದಂಡದ ವಸ್ತು ಇನ್ನೊಂದಿಲ್ಲ. ಅದರ ನಡುವೆ ಪುಣ್ಯಾತ್ಮ ನಾನು, ತುಟಿ ಒತ್ತಿಕೊಂಡು.

"ಆಯಿ, ಆಕಿ ಹೊರಗಾಗಿಲ್ರಿ" ಎಂದೆ. ಮಂತ್ರಿಯ ದನಿಯೂ ಹೋಗಿತ್ತು, ಮಾಸ್ತರರದೂ ಹೋಗಿತ್ತು; ಉಳಿದದ್ದು ನನ್ನದೇ, ಅದು ಬಹಳ ಸಣ್ಣದು. "ನಾನ... ನಾನ ತಪ್ಪ ಹೇಳೀನ್ರಿ. ಹಲಗಿದಾಗ ಹೊರಗಿನವರು ಬರಬಾರದು ಅಂತ ಐತಿ ಅಂದೀನ್ರಿ. ಅದಕ್ಕ ಕುಂತಾಳ್ರಿ."

ಆಯಿ ಕಣ್ಣು ಕಿರಿದು ಮಾಡಿದಳು. "ಆಕಿ ಹೊರಗಾಗಿಲ್ಲ ಅಂತ ನಿನಗ ಹೆಂಗ ಗೊತ್ತೋ, ಮಂಗ್ಯಾ?"

ನಾನು ಬೀಸಿದ್ದ ಕೈ ಇಳಿಸಿ ತಲೆ ಕೆರೆದುಕೊಂಡೆ.

"ಸುಳ್ಳ ಹೇಳಿ ಒಳಗ ನುಗ್ಗಸಾಕ ಬಂದಿಯೇನ? ಹೋಗ, ಕೇಳ್ಕೊಂಡ ಬಾ ಆಕೀನ್ನ. ನಮ್ಮ ಮುಂದ ಕೇಳು."

ಅಧ್ಯಕ್ಷರು ಇದ್ದಿದ್ದರೆ ಗಂಡಸರ ಮಾತು ಎಂದು ಜಾರಬಹುದಿತ್ತು. ಉಪಾಧ್ಯೆ ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋಗಿಯೇಬಿಟ್ಟರು, ಧೀರರು. ನಾನು ಬೀದಿ ದಾಟಿ ಬೇವಿನ ಗಿಡದ ಕೆಳಗೆ ಹೋದೆ. ಹಿಂದೆ ಹೆಂಗಸರ ದಂಡು. ಆಕೆ ಆಸೆಯಿಂದ ಎದ್ದು ನಿಂತು, ಒಪ್ಪಿದರೇ ಎಂಬಂತೆ ನನ್ನ ಮುಖ ನೋಡಿದಳು.

ನನಗೆ ಆ ಸಂಗತಿಗೆ ಕನ್ನಡದ ಶಬ್ದವೇ ಈಗ ಸಿಕ್ಕಿತ್ತು, ಇಂಗ್ಲಿಷಿನದು ಎಲ್ಲಿಂದ ತರಲಿ? ಯಾವ ಬಾತ್ಮಿಯವಳೂ ಅದನ್ನು ಓದಿರಲಿಲ್ಲ, ಯಾವ ಕ್ರಿಕೆಟಿನವನೂ ಕೂಗಿರಲಿಲ್ಲ. ತಲೆ ತಗ್ಗಿಸಿ ಕೇಳಿದೆ: "ಮೇಡಮ್, ಕ್ರೋ... ಕ್ರೋ ಟಚಿಂಗ್ ಯೂ?"

ಆಕೆ ತಲೆ ಎತ್ತಿ ಗಿಡದ ಕಡೆ ನೋಡಿದಳು. ಅಲ್ಲಿ ನಿಜವಾಗಿಯೂ ಎರಡು ಕಾಗೆ ಕೂತಿದ್ದವು. "ನೋ" ಎಂದಳು, ಹೆಗಲು ಜಾಡಿಸಿಕೊಂಡು ನೋಡಿ.

"ಏನಂತಾಳ?" ಆಯಿ.

"ಕಾಗಿ ಗಿಡದಾಗ ಐತಿ ಅಂತಾಳ್ರಿ."

ಹೆಂಗಸರ ನಗೆ ಬೀದಿ ತುಂಬಿತು. ಒಬ್ಬಾಕೆ, ಬಾಯಲ್ಲಿ ಸೆರಗು ಇಟ್ಟುಕೊಂಡೇ, "ಚಿಕ್ಕೋಡಿ ಬಸ್ ಸ್ಟ್ಯಾಂಡಿನ್ಯಾಗ ಎಲ್ಲಾರ ಸೋಗ ಹಾಕತಾನಲ್ಲ, ಅಂವ ಇಂವ. ನಮ್ಮ ಅಣ್ಣಂದೂ ಹಾಕಿದ್ನಂತ. ಈಗ ಇದೊಂದ ಹಾಕಿ ತೋರಸಪ್ಪಾ, ತಿಳೀತೈತಿ ಬಾಯಿಗಿ" ಎಂದಳು.

ಊರು ನಕ್ಕಾಗಲೆಲ್ಲ ನಾನು ನಗಿಸಿದವನಾಗಿದ್ದೆ. ನಗೆಯ ಇನ್ನೊಂದು ತುದಿ ಹೆಂಗಿರುತ್ತದೆ ಎಂದು ಅವತ್ತು ನೋಡಿದೆ, ಅಲ್ಲಿ ಗಾಳಿ ಕಡಿಮೆ. ಫೋಟೋದ ಕವರು ಆಕೆಯ ಕೈಯಿಂದ ಇಸಿದುಕೊಂಡು, ಮೂರನೇ ಸಾಲಿನ ‘ಔಟ್‌ಸೈಡರ್ಸ್’ ಮೇಲೆ ಆಕೆಯ ಪೆನ್ಸಿಲಿನಿಂದ ಗೀಟು ಎಳೆದೆ. "ನಾಟ್ ಔಟ್‌ಸೈಡರ್ಸ್, ಮೇಡಮ್. ಲೇಡೀಸ್. ಮಂಥ್ಲಿ. ಎವೆರಿ ಮಂಥ್, ಥ್ರೀ ಡೇಸ್, ಫೋರ್ ಡೇಸ್. ಸೆಪರೇಟ್ ಸಿಟ್ಟಿಂಗ್" ಎಂದೆ. ಆ ಇಂಗ್ಲಿಷಿನಲ್ಲಿ ಯಾರ ದನಿಯೂ ಇರಲಿಲ್ಲ. ಅದು ಆಕೆಗೆ ತಿಳಿಯಿತು.

ಆಕೆ ಗೀಟು ನೋಡಿದಳು. ಚಾಪೆ ನೋಡಿದಳು. ಹೆಂಗಸರನ್ನು ನೋಡಿದಳು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಮುಖ. ನಾನು ಬೈಗುಳಕ್ಕೆ ತಯಾರಾದೆ. ಆಕೆ ಕೇಳಿದ್ದು ಇಷ್ಟೇ: "ಮೂರು ದಿನವೂ ನಾನು ಒಳಗೆ ಹೋಗಬಹುದಿತ್ತೇ?"

"ಯೆಸ್ ಮೇಡಮ್."

ಈ ಸಲ ‘ವೆರಿ ಸಾರಿ’ ಬಾಯಿಗೆ ಬರಲಿಲ್ಲ. ಅದನ್ನು ಮೊದಲೇ ಖರ್ಚು ಮಾಡಿಬಿಟ್ಟಿದ್ದೆ.

ಆಕೆ ನನ್ನನ್ನು ಬದಿಗೆ ಬಿಟ್ಟು ಆಯಿಯ ಎದುರು ಹೋಗಿ ನಿಂತಳು. ಹಲಗೆಯ ಮೂರನೇ ಸಾಲು ತೋರಿಸಿ, ತನ್ನನ್ನು ತೋರಿಸಿಕೊಂಡು, ತಲೆಯನ್ನು ಬಲಕ್ಕೂ ಎಡಕ್ಕೂ ಗಟ್ಟಿಯಾಗಿ ಅಲ್ಲಾಡಿಸಿದಳು. ಅಷ್ಟೇ. ಒಂದು ಶಬ್ದ ಇಲ್ಲ. ನನ್ನಂಥ ದುಭಾಷಿ ನಡುವೆ ಇರದಿದ್ದರೆ ಇದು ಮೊದಲ ದಿನವೇ ಆಗಿಹೋಗುವ ಮಾತು.

ಆಯಿ ಆಕೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಗಂಡಸರ ಮಾತು ನಂಬದ ಮುದುಕಿ ಆ ತಲೆ ಅಲ್ಲಾಡಿಸಿದ್ದನ್ನು ನಂಬಿದಳು. "ಅಯ್ಯ ನನ ಮಗಳ!" ಎಂದು, ಮೂರು ದಿನ ಯಾರೂ ಮುಟ್ಟದಿದ್ದ ಆ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಿಸಿನೀರಿನ ಸೊಸೆಗೆ ಒಲೆ ಆರಿಸಲು ಹೇಳಿದಳು. ಗಾಡಿಗೆ ಇನ್ನೂ ಅರ್ಧ ದಿನ ಇತ್ತು. ಕಮಲ ಮೇಲೆಯೇ ಇತ್ತು, ಗುಲಾಬಿ ಬಣ್ಣ ಇನ್ನೂ ಡಬ್ಬಿಯಲ್ಲಿತ್ತು.

ಆಕೆ ನಳದ ಕೆಳಗೆ ಕಾಲು ತೊಳೆದಳು. ವಾಚು ಬಿಚ್ಚಿಟ್ಟಳು, ಪರ್ಸು ಇಟ್ಟಳು, ಕ್ಯಾಮೆರಾದ ಚರ್ಮದ ಅಂಗಿ ಕಳಚಿ ಕಟ್ಟೆಯ ಮೇಲೆ ಇಟ್ಟಳು. ನಾನು ಸ್ಟುಡಿಯೋದಲ್ಲಿ ಹೇಳಿದ್ದರಲ್ಲಿ ಸರಿ ಇದ್ದಷ್ಟನ್ನು ಒಂದೂ ಬಿಡದೆ ಪಾಲಿಸಿದಳು. ಅದು ನನಗೆ ಇನ್ನೂ ಚುಚ್ಚಿತು. ಆಯಿಯ ಕೈ ಹಿಡಿದು ಹೊಸ್ತಿಲು ದಾಟುವಾಗ ತಲೆ ಎತ್ತಿ ಮೇಲ್ಛಾವಣಿ ಹುಡುಕುತ್ತಿದ್ದಳು.

ಇಷ್ಟೆಲ್ಲ ಆದಮೇಲೆ ಸ್ವಲ್ಪವಾದರೂ ಮಾನ ಉಳಿಸಿಕೊಳ್ಳೋಣ ಎಂದು ನಾನು ಆಕೆಯ ಚಿತ್ರದ ಹಲಗೆ ಎತ್ತಿಕೊಂಡು, ಕಾಲು ತೊಳೆದು, ಒಳಗಿನ ಕೆತ್ತನೆಗಳನ್ನು ಇಂಗ್ಲಿಷಿನಲ್ಲಿ ವಿವರಿಸಿ ಹೇಳುತ್ತೇನೆಂದು ಹಿಂದೆಯೇ ಹೆಜ್ಜೆ ಇಟ್ಟೆ. ಆಯಿ ತಿರುಗಿ ಬಾಗಿಲಿಗೆ ಕೈ ಅಡ್ಡ ಇಟ್ಟಳು. ನನ್ನ ಕೈಯಿಂದ ಹಲಗೆ ಕಸಿದುಕೊಂಡು, ಬೇವಿನ ಗಿಡದ ಕೆಳಗಿನ ಚಾಪೆಯ ಕಡೆ ಗದ್ದ ಚಾಚಿ ಅಂದಳು:

"ಕಾಗಿ ಮುಟ್ಟಿದ್ದ ಆಕೀಗಲ್ಲೋ ಮಂಗ್ಯಾ, ನಿನ್ನ ಇಂಗ್ಲೀಷಿಗಿ. ಹೋಗ, ನಾಕ ದಿನ ನೀ ಹೊರಗ ಕುಂದ್ರ."